ತುಟಿ ನೋಡಿ ನಕಲಿ ವಿಡಿಯೋ ಹಿಡಿಯುವುದು

ಪ್ರಶ್ನೆ: ಹೆಸರಾಂತ ವ್ಯಕ್ತಿಯೊಬ್ಬರು ಹಣ ಹೂಡಿ ಅನ್ನುವ ವಿಡಿಯೋವನ್ನು ಅಪ್ಪ ನಂಬಿಬಿಟ್ಟಿದ್ದರು. ಡೀಪ್‌ಫೇಕ್ ಗುರುತಿಸಲು ಅವರಿಗೆ ಏನು ಕಲಿಸಲಿ?

ಉತ್ತರ: ಮೊದಲು ತುಟಿ ನೋಡುವುದನ್ನು ಕಲಿಸಿ. ಇಂಥ ಎಷ್ಟೋ ವಿಡಿಯೋಗಳಲ್ಲಿ ಮನುಷ್ಯ ನಿಜ, ಹಳೆಯ ಸಂದರ್ಶನವೂ ನಿಜ. ಬಾಯಿ ಮತ್ತು ದನಿಯನ್ನಷ್ಟೇ ಬದಲಿಸಿರುತ್ತಾರೆ.

ಪ, ಬ, ಮ ಅನ್ನುವಾಗ ಎರಡೂ ತುಟಿ ಮುಚ್ಚಲೇಬೇಕು. ಅಪ್ಪ ಕನ್ನಡಿ ಮುಂದೆ ನಿಂತು ‘ನಮ್ಮ ಕಂಪನಿಯಲ್ಲಿ ಲಾಭ ಪಕ್ಕಾ’ ಅಂತ ನಿಧಾನವಾಗಿ ಹೇಳಲಿ. ನಾಲ್ಕು ಸಲ ತುಟಿ ಕೂಡುತ್ತದೆ, ಅಲ್ವಾ? ಈಗ ವಿಡಿಯೋದ ವೇಗವನ್ನು ಅರ್ಧಕ್ಕೆ ಇಳಿಸಿ ಅದೇ ಅಕ್ಷರಗಳನ್ನು ಗಮನಿಸಲಿ. ನಕಲಿಯಲ್ಲಿ ಕೆಲವೆಡೆ ತುಟಿ ಕೂಡದೆ ಸುಮ್ನೆ ಅರೆಬರೆ ತೆರೆದೇ ಇರುತ್ತದೆ, ಹಲ್ಲುಗಳು ಕಲಸಿದಂತೆ ಕಾಣುತ್ತವೆ. ಬರೀ ದನಿ ಹಿಂದುಮುಂದಾಗಿದ್ದರೆ ತುಟಿ ಕೂಡುತ್ತದೆ, ಆದರೆ ಪ್ರತಿ ಸಲವೂ ಅಷ್ಟೇ ತಡವಾಗಿ ಅಥವಾ ಬೇಗ. ಡಬ್ಬಿಂಗ್ ಆಗಿದ್ದರೆ ಮಾತ್ರ ಈ ಪರೀಕ್ಷೆ ನಡೆಯದು.

ಕಣ್ಣು ಮಿಟುಕಿಸುತ್ತಾರಾ ನೋಡಿ ಅನ್ನುವ ಸಲಹೆ ಹಳೆಯದಾಯಿತು. ಈಗಿನ ನಕಲಿಗಳು ಚೆನ್ನಾಗಿಯೇ ಮಿಟುಕಿಸುತ್ತವೆ.

ಫಾರ್ವರ್ಡ್ ಆಗಿ ಬಂದ ಮಸುಕು ವಿಡಿಯೋದಲ್ಲಿ ತುಟಿ ಸರಿಯಾಗಿ ಕಾಣುವುದಿಲ್ಲ. ಆಗ ಸ್ಕ್ರೀನ್‌ಶಾಟ್ ತೆಗೆದು ಗೂಗಲ್ ಲೆನ್ಸ್‌ನಲ್ಲಿ ಹುಡುಕಿ. ಅದೇ ಅಂಗಿ, ಅದೇ ಹಿನ್ನೆಲೆಯ ಹಳೆಯ ವಿಡಿಯೋ ಸಿಕ್ಕಿ, ಅದರಲ್ಲಿ ಬೇರೆಯೇ ಮಾತಿದ್ದರೆ ವಿಷಯ ಮುಗಿಯಿತು. ಏನೂ ಸಿಗದಿದ್ದರೆ ಅದು ಅಸಲಿ ಅಂತೇನೂ ಅಲ್ಲ.

ಕೊನೆಗೆ ಆ ವ್ಯಕ್ತಿಯ ಅಧಿಕೃತ ಖಾತೆ ನೋಡಿ. 2022ರ ಮಾರ್ಚ್‌ನಲ್ಲಿ ಉಕ್ರೇನ್ ಅಧ್ಯಕ್ಷ ಝೆಲೆನ್‌ಸ್ಕಿ ಶರಣಾಗಿ ಎನ್ನುವ ನಕಲಿ ವಿಡಿಯೋ ಹರಡಿದಾಗ, ತಲೆ ಮೈಗೆ ಹೊಂದುತ್ತಿರಲಿಲ್ಲ, ದನಿಯೂ ಬೇರೆ ಥರ ಇತ್ತು. ಅವರು ಅದೇ ದಿನ ತಾವೇ ವಿಡಿಯೋ ಹಾಕಿ ಅದನ್ನು ಅಲ್ಲಗಳೆದರು.