‘ಕೃಪೆ: ಯೂಟ್ಯೂಬ್’ ಎಂದರೆ ಯಾರ ಕೃಪೆ?

ಓದುಗರ ಪತ್ರ: ನಾನು ಯೂಟ್ಯೂಬ್‌ನಲ್ಲಿ ಯಕ್ಷಗಾನದ ಬಗ್ಗೆ ಮಾತನಾಡುವ ಸಣ್ಣದೊಂದು ಚಾನೆಲ್ ನಡೆಸುತ್ತಿದ್ದೇನೆ. ಬಡಗುತಿಟ್ಟಿನ ಕೌರವನ ಒಡ್ಡೋಲಗದ ಮೇಲೆ 14 ನಿಮಿಷದ ರಿಯಾಕ್ಷನ್ ವಿಡಿಯೊ ಮಾಡಿ, ಬೇರೊಂದು ಚಾನೆಲ್‌ನ ರೆಕಾರ್ಡಿಂಗಿನಿಂದ ಆರು ತುಣುಕು ಬಳಸಿದೆ. ವಿವರಣೆಯಲ್ಲಿ ‘ಕೃಪೆ: ಯೂಟ್ಯೂಬ್’ ಎಂದು ಬರೆದು, ‘ಇದು ನ್ಯಾಯಸಮ್ಮತ ಬಳಕೆ’ ಎಂದು ಎಲ್ಲರೂ ಹಾಕುವ ಸೆಕ್ಷನ್ 107ರ ಇಂಗ್ಲಿಷ್ ಒಕ್ಕಣೆಯನ್ನೂ ಅಂಟಿಸಿದ್ದೆ. ಆದರೂ ‘ಶೀರ್ಷಿಕೆ ಮೋಸದ್ದು’ ಎಂದು ಕೆಲವರು ಬೈದರು. ಭಾಗವತರ ಶಿಷ್ಯರೊಬ್ಬರು ‘ನಮ್ಮ ಗುರುಗಳ ಹೆಸರೆಲ್ಲಿ?’ ಎಂದು ಕೇಳಿದರು. ನನ್ನಿಂದಾದ ತಪ್ಪೇನು?
— ಓದುಗರು, ಕುಂದಾಪುರ

ಸಂಪಾದಕರ ಉತ್ತರ: ನಿಮ್ಮ ಪತ್ರ ಓದಿದ ಮೇಲೆ ವಿಡಿಯೊವನ್ನು ಪೂರ್ತಿ ನೋಡಿದೆ. ವಿಡಿಯೊದ ಒಳಗೆ ನೀವು ಮಾಡಿರುವ ಕೆಲಸ ಚೆನ್ನಾಗಿದೆ. ತಕರಾರು ಇರುವುದೆಲ್ಲ ಅದರ ಹೊರಗೆ ಅಂಟಿಸಿದ ಚೀಟಿಯಲ್ಲಿ. ಆ ಚೀಟಿ ಇಬ್ಬರಿಗೆ ಉತ್ತರ ಹೇಳಬೇಕಾಗುತ್ತದೆ: ‘ಇದನ್ನು ಒತ್ತಿದರೆ ನನಗೆ ಏನು ಕಾಣಸಿಗುತ್ತದೆ?’ ಎನ್ನುವ ನೋಡುಗರಿಗೆ, ಮತ್ತು ‘ಇದರಲ್ಲಿ ನನ್ನ ಪಾಲು ಎಲ್ಲಿದೆ?’ ಎನ್ನುವ ಕಲಾವಿದರಿಗೆ.

ಮೊದಲು ನೋಡುಗರ ಮಾತು. ನಿಮ್ಮ ಶೀರ್ಷಿಕೆ ‘ಕೌರವನ ಒಡ್ಡೋಲಗ | ಫುಲ್ ವಿಡಿಯೊ | ಮೊದಲ ಸಲ ನೋಡಿ ಬೆರಗಾದೆ!’ ಎಂದಿದೆ. ‘ಫುಲ್’ ಎನ್ನುವುದು ನಿಮ್ಮ ಮಾತಿನ ಪೂರ್ಣ ಆವೃತ್ತಿಯನ್ನು ಕುರಿತದ್ದು ಎಂದು ನೀವು ವಾದಿಸಬಹುದು, ಆದರೆ ಒಡ್ಡೋಲಗವನ್ನೇ ನೋಡಲು ಬಂದವರು ಅದನ್ನು ಹಾಗೆ ಓದುವುದಿಲ್ಲ. ಥಂಬ್‌ನೇಲ್ ಚಿತ್ರದಲ್ಲಿಯೂ ಕಿರೀಟ ತೊಟ್ಟ ವೇಷದ ಮುಖವಷ್ಟೇ ಇದ್ದು, ನಿಮ್ಮ ಮುಖವಾಗಲಿ ‘ವಿಮರ್ಶೆ’ ಎಂಬ ಪದವಾಗಲಿ ಇಲ್ಲ. ಅಂಥ ನೋಡುಗರು ಬಂದು ಅರ್ಧ ನಿಮಿಷದಲ್ಲಿ ಹೊರಟುಹೋಗಿರುತ್ತಾರೆ. ಯೂಟ್ಯೂಬ್ ಸ್ಟುಡಿಯೊದಲ್ಲಿ ನೋಡುಗರು ಎಲ್ಲಿಯವರೆಗೆ ಉಳಿದರು ಎಂದು ತೋರಿಸುವ ಗೆರೆಯನ್ನು ತೆರೆದು ನೋಡಿ. ಮೊದಲ 30 ಸೆಕೆಂಡಿನಲ್ಲೇ ಅದು ಕಡಿದಾಗಿ ಇಳಿದು, ಅಲ್ಲಿಂದ ಮುಂದೆ ಸಮನಾಗಿ ಸಾಗಿದ್ದರೆ, ವಿಡಿಯೊಗಿಂತ ಹೆಚ್ಚಾಗಿ ಶೀರ್ಷಿಕೆಯನ್ನೇ ಸಂಶಯಿಸಬೇಕು. ಇನ್ನು ‘ಮೊದಲ ಸಲ’ ಎಂಬ ಮಾತು. ಆರನೆಯ ನಿಮಿಷದಲ್ಲಿ ನೀವೇ, ಇದೇ ವೇಷವನ್ನು ಹಿಂದೆ ಬಯಲಾಟದಲ್ಲಿ ಕಂಡದ್ದನ್ನು ನೆನೆಯುತ್ತೀರಿ. ತಿಳಿದು ಮಾಡಿದ ವಿಶ್ಲೇಷಣೆಗೆ ತಿಳಿಯದವರ ಬೆರಗಿನ ವೇಷ ಹಾಕುವ ಅಗತ್ಯ ನಿಮಗಿರಲಿಲ್ಲ.

ಶೀರ್ಷಿಕೆಗೆ ಯೂಟ್ಯೂಬ್ 100 ಅಕ್ಷರಗಳವರೆಗೆ ಅವಕಾಶ ಕೊಡುತ್ತದೆ, ಆದರೆ ಮೊಬೈಲ್ ಪರದೆಯಲ್ಲಿ ಅದರ ಮೊದಲ ಭಾಗವಷ್ಟೇ ಕಾಣುವುದರಿಂದ ವಿಡಿಯೊದ ಜಾತಿಯನ್ನು ಹೇಳುವ ಪದವನ್ನು ಕೊನೆಗೆ ತಳ್ಳಬಾರದು. ‘ವಿಶ್ಲೇಷಣೆ: ಕೌರವನ ಒಡ್ಡೋಲಗದ ಹೆಜ್ಜೆಗಳು (ಆಯ್ದ ತುಣುಕುಗಳೊಂದಿಗೆ)’ ಎಂದು ಬರೆದರೆ ಹುಡುಕುವವರಿಗೆ ಬೇಕಾದ ಪದಗಳು ಉಳಿದುಕೊಳ್ಳುತ್ತವೆ, ಆಟ ನೋಡಲು ಬಂದವರಿಗೆ ನಿರಾಸೆಯೂ ಆಗುವುದಿಲ್ಲ. ವಿವರಣೆಯ ಕೆಳಗೆ ನೀವು ಸುರಿದಿರುವ ಮೇಳಗಳ ಮತ್ತು ಕಲಾವಿದರ ಹೆಸರಿನ ರಾಶಿಯನ್ನು ತೆಗೆದುಬಿಡಿ. ವಿಡಿಯೊದಲ್ಲಿ ಇಲ್ಲದವರ ಹೆಸರು ಹಾಕಿ ಹುಡುಕಾಟದಲ್ಲಿ ಮೇಲೆ ಬರಲು ನೋಡುವುದು ಯೂಟ್ಯೂಬ್‌ನ ನಿಯಮಕ್ಕೂ ವಿರುದ್ಧ.

ಈಗ ಕೃಪೆಯ ಮಾತು. ನಾನು ಕೆಲಸ ಕಲಿಯುತ್ತಿದ್ದ ದಿನಗಳಲ್ಲಿ ಚಿತ್ರಗಳ ಕೆಳಗೆ ‘ಕೃಪೆ: ಅಂತರ್ಜಾಲ’ ಎಂದು ನಾನೂ ಸಂಕೋಚವಿಲ್ಲದೆ ಹಾಕಿದ್ದೇನೆ, ಆದ್ದರಿಂದ ನಿಮಗೆ ಬುದ್ಧಿ ಹೇಳುವಾಗ ಸ್ವಲ್ಪ ಮುಜುಗರವಾಗುತ್ತದೆ. ಯೂಟ್ಯೂಬ್ ಕುಣಿಯಲಿಲ್ಲ, ಹಾಡಲಿಲ್ಲ, ರಾತ್ರಿಯೆಲ್ಲ ಕ್ಯಾಮೆರಾದ ಹಿಂದೆ ಎಚ್ಚರವಾಗಿರಲೂ ಇಲ್ಲ. ನಿಮ್ಮ ಮೂರನೆಯ ತುಣುಕಿನ ಮೇಲಂಚಿನಲ್ಲಿ ಅರ್ಧ ಕತ್ತರಿಸಿಹೋದ ಹೆಸರಿನ ಮುದ್ರೆಯೊಂದು ಇದೆ. ನೀವು ತುಣುಕು ಎತ್ತಿಕೊಂಡ ಚಾನೆಲ್ಲಿನ ಹೆಸರಿಗೆ ಅದು ಹೊಂದುವುದಿಲ್ಲ, ಎಂದರೆ ಅವರೂ ಬೇರೆಲ್ಲಿಂದಲೋ ಎತ್ತಿಕೊಂಡವರೇ ಇರಬೇಕು. ಇಂಥಲ್ಲಿ ಅದೇ ಆಟದ ಹಳೆಯ ಅಪ್‌ಲೋಡ್ ಯಾವುದೆಂದು ದಿನಾಂಕ ನೋಡಿ ಹುಡುಕಬೇಕು. ರಂಗಸ್ಥಳದ ಹಿಂದಿನ ಬ್ಯಾನರಿನಲ್ಲಿ ಮೇಳದ ಹೆಸರು ಮತ್ತು ಊರು ಸಾಮಾನ್ಯವಾಗಿ ಇರುತ್ತವೆ, ಅವುಗಳನ್ನೂ ಓದಬೇಕು. ಅಷ್ಟು ಮಾಡಿದ ಮೇಲೆ ವಿವರಣೆಯ ಮೊದಲ ಸಾಲುಗಳು, ಅಂದರೆ ಪೂರ್ತಿ ಬಿಡಿಸದೆಯೂ ಕಾಣುವ ಸಾಲುಗಳು, ಹೀಗಿರಲಿ:

> ಇದು ವಿಶ್ಲೇಷಣೆ, ಪೂರ್ಣ ಪ್ರದರ್ಶನವಲ್ಲ. ಪೂರ್ಣ ರೆಕಾರ್ಡಿಂಗ್: (ಮೂಲ ವಿಡಿಯೊದ ಶೀರ್ಷಿಕೆ, ಚಾನೆಲ್, ಲಿಂಕ್)
> ಪ್ರದರ್ಶನ: (ಮೇಳ, ಸ್ಥಳ, ದಿನಾಂಕ)
> ಕೌರವ: (ಕಲಾವಿದರು). ಭಾಗವತರು, ಮದ್ದಳೆ, ಚಂಡೆ: (ಹೆಸರುಗಳು)
> ಚಿತ್ರೀಕರಣ: (ಹೆಸರು)
> ಬಳಸಿದ ತುಣುಕುಗಳು: 01:10–01:45, 03:20–04:05 ...
> ಬದಲಾವಣೆ: ಎರಡನೆಯ ತುಣುಕನ್ನು ನಿಧಾನಗತಿಯಲ್ಲಿ ತೋರಿಸಲಾಗಿದೆ.

ಕೊನೆಯ ಸಾಲನ್ನು ಬಿಡಬೇಡಿ. ನಿಧಾನಗೊಳಿಸಿದ ಹೆಜ್ಜೆಗೆ ನೀವು ಮೂಲದ ಚಂಡೆಯನ್ನು ಎಳೆದು ಕೂರಿಸಿದ್ದೀರಿ. ತಾಳ ತಪ್ಪಿದ್ದು ಚಂಡೆಯವರಿಂದಲೇ ಎಂದು ತಿಳಿಯದವರು ಭಾವಿಸಿಯಾರು.

ಹಿಮ್ಮೇಳದ ಹೆಸರು ಹಾಕುವುದು ಬರಿಯ ಸೌಜನ್ಯವಲ್ಲ. 2012ರ ತಿದ್ದುಪಡಿಯ ಮೂಲಕ ನಮ್ಮ ಹಕ್ಕುಸ್ವಾಮ್ಯ ಕಾಯ್ದೆಗೆ ಸೇರಿದ 38ಬಿ ಕಲಮು, ತನ್ನ ಪ್ರದರ್ಶನದ ಪ್ರದರ್ಶಕ ತಾನೇ ಎಂದು ಗುರುತಿಸಲ್ಪಡುವ ಹಕ್ಕನ್ನು ಕಲಾವಿದರಿಗೆ ಕೊಟ್ಟಿದೆ. ಭಾಗವತರ ಪದ ನಿಮ್ಮ ಆರೂ ತುಣುಕುಗಳಲ್ಲಿ ಕೇಳಿಬರುತ್ತಿರುವಾಗ ಶಿಷ್ಯರು ಕೇಳಿದ್ದು ನ್ಯಾಯವೇ.

ನೀವು ಅಂಟಿಸಿದ ಸೆಕ್ಷನ್ 107 ಅಮೆರಿಕದ 1976ರ ಹಕ್ಕುಸ್ವಾಮ್ಯ ಕಾಯ್ದೆಯದು. ಕುಂದಾಪುರದಲ್ಲಿ ಕುಳಿತು ಮಾಡಿದ ವಿಡಿಯೊಗೆ ಹತ್ತಿರದ್ದು ನಮ್ಮ 1957ರ ಕಾಯ್ದೆ. ಅದರ 52ನೆಯ ಕಲಮು ವಿಮರ್ಶೆಗಾಗಿ ಕೃತಿಯನ್ನು ನ್ಯಾಯವಾಗಿ ಬಳಸಲು ಅವಕಾಶ ಕೊಡುತ್ತದೆ; ಪ್ರದರ್ಶನದ ತುಣುಕುಗಳಿಗೆ ಅಂಥದೇ ಅವಕಾಶ 39ನೆಯ ಕಲಮಿನಲ್ಲಿದೆ. ಆದರೆ ಕಲಮಿನ ಸಂಖ್ಯೆಯನ್ನು ಬರೆದ ಮಾತ್ರಕ್ಕೆ ಆ ರಕ್ಷಣೆ ಬಂದುಬಿಡುವುದಿಲ್ಲ, ಕೃಪೆ ಹೇಳಿದ ಮಾತ್ರಕ್ಕೆ ಅನುಮತಿ ಸಿಕ್ಕಂತೆಯೂ ಆಗುವುದಿಲ್ಲ. ಯೂಟ್ಯೂಬ್‌ನ ಕಂಟೆಂಟ್ ಐಡಿ ವ್ಯವಸ್ಥೆಯಂತೂ ದೃಶ್ಯ ಮತ್ತು ಧ್ವನಿಯನ್ನು ಹೋಲಿಸಿ ನೋಡುತ್ತದೆಯೇ ಹೊರತು ನಿಮ್ಮ ಒಕ್ಕಣೆಯನ್ನು ಓದುವುದಿಲ್ಲ.

ತೂಗಿ ನೋಡುವುದು ಬಳಕೆಯ ರೀತಿಯನ್ನು. 2017ರಲ್ಲಿ ನ್ಯೂಯಾರ್ಕ್‌ನ ಫೆಡರಲ್ ನ್ಯಾಯಾಲಯದ ಮುಂದೆ ಇಂಥದೇ ರಿಯಾಕ್ಷನ್ ವಿಡಿಯೊ ಬಂದಿತ್ತು. 5 ನಿಮಿಷ 24 ಸೆಕೆಂಡಿನ ಮೂಲದಿಂದ 3 ನಿಮಿಷ 15 ಸೆಕೆಂಡಿನಷ್ಟನ್ನು, ಸುಮಾರು 14 ನಿಮಿಷದ ವಿಡಿಯೊದಲ್ಲಿ ಬಿಡಿಬಿಡಿಯಾಗಿ, ನಡುನಡುವೆ ಟೀಕೆ ಮಾಡುತ್ತ ಬಳಸಲಾಗಿತ್ತು. ನ್ಯಾಯಾಲಯ ಅದನ್ನು ನ್ಯಾಯಸಮ್ಮತ ಬಳಕೆಯೆಂದು ಒಪ್ಪಿತು. ಆದರೆ ಎಲ್ಲ ರಿಯಾಕ್ಷನ್ ವಿಡಿಯೊಗಳೂ ಹಾಗಲ್ಲ, ಕೆಲವು ಟೀಕೆಯಿಲ್ಲದೆ ಒಟ್ಟಿಗೆ ಕುಳಿತು ನೋಡಿದಂತೆಯೇ ಇರುತ್ತವೆ ಎಂದು ಎಚ್ಚರಿಸಿತು. ಆ ತೀರ್ಪು ನಮ್ಮ ನ್ಯಾಯಾಲಯಗಳನ್ನು ಕಟ್ಟಿಹಾಕದು, ನಿಜ. ನಿಮ್ಮ ಐದು ತುಣುಕುಗಳು ಮೊದಲ ಬಗೆಯವು. ಆರನೆಯದರಲ್ಲಿ ಮಾತ್ರ ನೀವು ಒಂದೂವರೆ ನಿಮಿಷ ತಲೆದೂಗುತ್ತ ಸುಮ್ಮನೆ ಕುಳಿತಿದ್ದೀರಿ. ಅದನ್ನು ಕತ್ತರಿಸಿ, ಅಥವಾ ಅಲ್ಲಿ ಏನಾದರೂ ಹೇಳಿ.

ಇನ್ನೊಂದು ಚಿಕ್ಕ ಸಂಗತಿ. ಪರವಾನಗಿಯ ಆಯ್ಕೆಯಲ್ಲಿ ನೀವು ಉದಾರವಾಗಿ ‘ಕ್ರಿಯೇಟಿವ್ ಕಾಮನ್ಸ್’ ಒತ್ತಿದ್ದೀರಿ. ಬೇರೆಯವರ ತುಣುಕುಗಳನ್ನು ಮರುಬಳಸುವ ಹಕ್ಕನ್ನು ಮೂರನೆಯವರಿಗೆ ಹಂಚಲು ಅವು ನಿಮ್ಮ ಸ್ವತ್ತಲ್ಲ. ಯೂಟ್ಯೂಬ್‌ನ ಮಾಮೂಲಿ ಪರವಾನಗಿಗೆ ಬದಲಿಸಿ.

ಶೀರ್ಷಿಕೆ, ವಿವರಣೆ ಮತ್ತು ಥಂಬ್‌ನೇಲ್ ಚಿತ್ರವನ್ನು ವಿಡಿಯೊ ಅಳಿಸದೆಯೇ ಬದಲಿಸಬಹುದು, ಲಿಂಕೂ ಹಾಗೆಯೇ ಉಳಿಯುತ್ತದೆ. ತುಣುಕು ಓಡುವಾಗ ಮೂಲೆಯಲ್ಲಿ ಹೆಸರು ಕಾಣಿಸಬೇಕೆಂದರೆ ಮಾತ್ರ ಮತ್ತೆ ಎಡಿಟ್ ಮಾಡಿ ಹೊಸದಾಗಿ ಏರಿಸಬೇಕಾಗುತ್ತದೆ. ಆ ನಿರ್ಧಾರ ನಿಮ್ಮದು. ಅದಕ್ಕೆ ಮೊದಲು ಆ ಶಿಷ್ಯರಿಗೆ ಉತ್ತರ ಬರೆಯಿರಿ. ಆ ರಾತ್ರಿ ಮದ್ದಳೆಗೆ ಯಾರು, ಚಂಡೆಗೆ ಯಾರು ಕುಳಿತಿದ್ದರು ಎಂಬುದು ನಿಮಗೂ ನನಗೂ ತಿಳಿಯದು, ಅವರಿಗೆ ಬಹುಶಃ ತಿಳಿದಿರುತ್ತದೆ.

— ಸಂಪಾದಕ