ಒಂದೇ ಕೇಬಲ್‌ನಲ್ಲಿ ಎರಡು ವಿಭಾಗ: ಬೆರೆಯುವುದಿಲ್ಲವೇ?

ಪ್ರಶ್ನೆ: ನಮ್ಮ ಆಫೀಸಿನ ಎರಡು ಮಹಡಿಗೂ ಒಂದೊಂದು ಸ್ವಿಚ್, ನಡುವೆ ಒಂದೇ ಕೇಬಲ್. ಅಕೌಂಟ್ಸ್‌ನವರೂ ಸೇಲ್ಸ್‌ನವರೂ ಎರಡೂ ಕಡೆ ಕೂರುತ್ತಾರೆ. ಅವರ ಟ್ರಾಫಿಕ್ ಬೇರೆ ಇಡಬಹುದೇ?

ಖಂಡಿತ ಇಡಬಹುದು, ಹೊಸ ಕೇಬಲ್ ಬೇಡ. ಎರಡೂ ಸ್ವಿಚ್‌ಗಳಲ್ಲಿ ಅಕೌಂಟ್ಸ್‌ನ ಪೋರ್ಟ್‌ಗಳನ್ನು ವಿಲ್ಯಾನ್ 10ಕ್ಕೆ, ಸೇಲ್ಸ್‌ನವನ್ನು ವಿಲ್ಯಾನ್ 20ಕ್ಕೆ ಸೇರಿಸಿ. ವಿಲ್ಯಾನ್ ಅಂದರೆ ಒಂದೇ ಸ್ವಿಚ್ಚಿನೊಳಗೆ ಬೇಲಿ ಹಾಕಿ ಮಾಡಿದ ಪ್ರತ್ಯೇಕ ನೆಟ್‌ವರ್ಕ್. ನಡುವಿನ ಕೇಬಲ್‌ನ ಎರಡೂ ತುದಿಯನ್ನು ಟ್ರಂಕ್ ಮಾಡಿ, ಅಂದರೆ ಎರಡೂ ವಿಲ್ಯಾನ್‌ಗಳ ಟ್ರಾಫಿಕ್ ಅದೊಂದರಲ್ಲೇ ಹೋಗುವಂತೆ ಮಾಡಿ.

ಗುಟ್ಟಿರುವುದು ಒಂದು ಚೀಟಿಯಲ್ಲಿ. ಕೆಳಗಿನ ಸ್ವಿಚ್ ಸೇಲ್ಸ್‌ನ ಫ್ರೇಮನ್ನು (ಡೇಟಾದ ಒಂದು ಕಟ್ಟು) ಟ್ರಂಕ್‌ಗೆ ಬಿಡುವಾಗ 4 ಬೈಟ್‌ನ ಟ್ಯಾಗ್ ಸೇರಿಸಿ ಅದರಲ್ಲಿ 20 ಎಂದು ಬರೆಯುತ್ತದೆ. ಮೇಲಿನ ಸ್ವಿಚ್ ಅದನ್ನು ಓದಿ, ಕಿತ್ತುಹಾಕಿ, 20ರ ಪೋರ್ಟ್‌ಗಳಿಗಷ್ಟೇ ಕೊಡುತ್ತದೆ. ಕಂಪ್ಯೂಟರಿಗೆ ಇದ್ಯಾವುದೂ ಗೊತ್ತಾಗುವುದಿಲ್ಲ. 10 ಮತ್ತು 20 ಪರಸ್ಪರ ಮಾತಾಡಬೇಕಾದರೆ ನಡುವೆ ರೌಟರ್ ಬೇಕು.

ನಾನೇ ಒಮ್ಮೆ ಎಡವಿದ ಜಾಗ ಹೇಳುತ್ತೇನೆ. ಸಿಸ್ಕೋ ಸ್ವಿಚ್‌ನ ಟ್ರಂಕ್‌ನಲ್ಲಿ 10 ಮಾತ್ರ ಹೋಗುತ್ತಿದ್ದಾಗ 20ನ್ನು ಸೇರಿಸುವುದು ಹೀಗೆ:

```
switchport trunk allowed vlan add 20
```

`add` ಬಿಟ್ಟರೆ ಹಳೆಯ ಪಟ್ಟಿ ಅಳಿದು 20 ಒಂದೇ ಉಳಿಯುತ್ತದೆ. ಆ ದಿನ ಮೇಲಿನ ಮಹಡಿಯ ಅಕೌಂಟ್ಸ್ ಕಂಪ್ಯೂಟರ್‌ಗಳೆಲ್ಲ ವಿಳಾಸ ಹಂಚುವ ಡಿಎಚ್‌ಸಿಪಿಯಿಂದ ವಿಳಾಸ ಸಿಗದೆ, ತಾವೇ ಹಾಕಿಕೊಂಡ 169.254ರ ವಿಳಾಸ ತೋರಿಸುತ್ತಿದ್ದವು, ಸೇಲ್ಸ್ ಮಾತ್ರ ಸರಾಗ. ಹಾಗಾದಾಗ ಎರಡೂ ತುದಿಯಲ್ಲಿ `show interfaces trunk` ಕೊಟ್ಟು ಪಟ್ಟಿ ನೋಡಿ.