ಹಿಂಬದಿಯ ಲೇಬಲ್‌ನಲ್ಲಿ ಅಜ್ಜಿಯ ಕಥೆ

ಪ್ರಶ್ನೆ: ಅಜ್ಜಿ ಹಾಕುತ್ತಿದ್ದ ಅಪ್ಪೆಮಿಡಿ ಉಪ್ಪಿನಕಾಯಿಯನ್ನು ಮಾರಾಟಕ್ಕೆ ತರುತ್ತಿದ್ದೇವೆ. ಬಾಟಲಿಯ ಹಿಂಬದಿಯಲ್ಲಿ ಅವರ ಕಥೆಯನ್ನು ನಾಲ್ಕೈದು ಸಾಲಿನಲ್ಲಿ ಹೇಗೆ ಬರೆಯಬೇಕು?

ನಾನು ಮಲೆನಾಡಿನ ಸಣ್ಣ ತಯಾರಕರಿಗೆ ಲೇಬಲ್ ಬರೆದುಕೊಡುವ ಕೆಲಸ ಮಾಡುತ್ತೇನೆ. ನಿಮ್ಮಂತೆಯೇ ಅಪ್ಪೆಮಿಡಿ ಮಾಡುವ ಸಾಗರದ ಕಡೆಯ ಒಂದು ಮನೆಯವರಿಗೆ ಬರೆದುಕೊಟ್ಟದ್ದನ್ನೇ ಇಟ್ಟುಕೊಂಡು ಹೇಳುತ್ತೇನೆ. ಅವರು ತಾವೇ ಬರೆದು ತಂದಿದ್ದ ಸಾಲುಗಳು ಹೀಗಿದ್ದವು: "ಅಜ್ಜಿಯ ಕೈರುಚಿ, ಪ್ರೀತಿಯ ಹದ, ತಲೆಮಾರುಗಳ ಪರಂಪರೆ." ಇದನ್ನು ನಿಂಬೆ ಉಪ್ಪಿನಕಾಯಿಗೂ ಹಪ್ಪಳಕ್ಕೂ ಅಂಟಿಸಬಹುದು, ಅಜ್ಜಿ ಇದರೊಳಗೆ ಎಲ್ಲೂ ಕಾಣುವುದಿಲ್ಲ. ಆದ್ದರಿಂದ ಅಜ್ಜಿ ಏನು ಮಾಡುತ್ತಿದ್ದರು ಎಂದು ಕೇಳುವ ಬದಲು, ಉಪ್ಪಿನಕಾಯಿ ಹಾಕುವ ದಿನ ಅವರು ಯಾವುದಕ್ಕೆ ಬೈಯುತ್ತಿದ್ದರು ಎಂದು ಆ ಮನೆಯ ಸೊಸೆಯನ್ನು ಕೇಳಿದೆ. ಆಕೆ ಒಡನೆಯೇ, ತೊಟ್ಟು ಮುರಿದ ಮಿಡಿ ತಂದರೆ ಅಜ್ಜಿ ಅದನ್ನು ಭರಣಿಯ ಹತ್ತಿರಕ್ಕೂ ಬಿಡದೆ ಅಂದಿನ ಅಪ್ಪೆಹುಳಿಗೆ ಎತ್ತಿಡುತ್ತಿದ್ದರು ಎಂದರು. ಕಥೆ ಅಲ್ಲೇ ಇತ್ತು. ಅಪ್ಪೆಮಿಡಿಯ ಪರಿಮಳ ಇರುವುದು ಅದರ ಸೊನೆಯಲ್ಲಿ; ತೊಟ್ಟು ಮುರಿದರೆ ಸೊನೆ ಸೋರಿಹೋಗುತ್ತದೆ, ಉದುರಿ ಪೆಟ್ಟಾದ ಮಿಡಿಯಾದರೆ ಬೇಗ ಮೆತ್ತಗಾಗುತ್ತದೆ.

ಕೊನೆಗೆ ಅಚ್ಚಾದದ್ದು ಇಷ್ಟು:

"ತೊಟ್ಟು ಮುರಿದ ಮಿಡಿಯನ್ನು ಅಜ್ಜಿ ಭರಣಿಗೆ ಹಾಕುತ್ತಿರಲಿಲ್ಲ. 'ಸೊನೆ ಹೋದರೆ ಪರಿಮಳವೂ ಹೋಯಿತು' ಎನ್ನುತ್ತಿದ್ದಳು. ಮರ ಹತ್ತಿ ಕೊಯ್ದ ಮಿಡಿಯನ್ನು ಮುರುಟುವವರೆಗೆ ಕಲ್ಲುಪ್ಪಿನಲ್ಲಿಟ್ಟು, ಅದು ಬಿಟ್ಟ ಉಪ್ಪುನೀರನ್ನು ಕುದಿಸಿ ಆರಿಸಿ, ಅದರಲ್ಲೇ ಸಾಸಿವೆ, ಮೆಣಸಿನ ಖಾರ ಕಲಸುತ್ತಿದ್ದಳು. ನಾವೂ ಹಾಗೆಯೇ ಮಾಡುತ್ತೇವೆ. ತೊಟ್ಟು ಹಿಡಿದು ಕಚ್ಚಿ ನೋಡಿ."

ಇದರಲ್ಲಿ ಅಜ್ಜಿಯ ಒಂದೇ ಒಂದು ಹಟವಿದೆ, ಮತ್ತು ಕೊಂಡವರು ಮುಚ್ಚಳ ತೆರೆದಾಗ ಆ ಹಟದ ಗುರುತು ಅವರ ಬೆರಳಿಗೇ ಸಿಗುತ್ತದೆ. ನಿಮ್ಮ ಅಜ್ಜಿಯ ವಿಷಯದಲ್ಲೂ ಬಾಟಲಿಯೊಳಗೆ ಕಾಣುವ, ಮೂಗಿಗೆ ಬರುವ ಅಥವಾ ನಾಲಿಗೆಗೆ ತಾಗುವ ಇಂಥ ಒಂದನ್ನೇ ಹುಡುಕಿ; ಊರು, ಹೊಳೆದಂಡೆಯ ಮರ, ಅಜ್ಜಿಯ ವಯಸ್ಸು ಎಲ್ಲವನ್ನೂ ಸೇರಿಸಲು ಹೋದರೆ ಯಾವುದೂ ನೆನಪಿನಲ್ಲಿ ಉಳಿಯುವುದಿಲ್ಲ. "ಎನ್ನುತ್ತಿದ್ದಳು" ಎಂಬುದನ್ನು ನಾನು "ಎನ್ನುತ್ತಿದ್ದರು" ಎಂದು ತಿದ್ದಿದ್ದೆ. ಆದರೆ ಮನೆಯಲ್ಲಿ ಎಲ್ಲರೂ ಅಜ್ಜಿಯನ್ನು ಏಕವಚನದಲ್ಲೇ ಕರೆಯುತ್ತಿದ್ದುದರಿಂದ ಅವರು ಒಪ್ಪಲಿಲ್ಲ. ಅವರು ಮಾಡಿದ್ದೇ ಸರಿ ಎಂದು ಈಗ ನನಗೆ ಅನ್ನಿಸುತ್ತದೆ.

"ನಾವೂ ಹಾಗೆಯೇ ಮಾಡುತ್ತೇವೆ" ಎಂಬ ವಾಕ್ಯವನ್ನು ಮಾತ್ರ ಬಹಳ ಎಚ್ಚರದಿಂದ ಬಳಸಬೇಕು, ಏಕೆಂದರೆ ಅದರ ಪಕ್ಕದಲ್ಲೇ ಪದಾರ್ಥಗಳ ಪಟ್ಟಿ ಇರುತ್ತದೆ. ಆ ಪಟ್ಟಿಯಲ್ಲಿ ಸೋಡಿಯಂ ಬೆಂಜೋಯೇಟ್, ಅಂದರೆ INS 211, ಇದ್ದರೆ ಓದುವವರು ಎರಡನ್ನೂ ಹೋಲಿಸಿ ನೋಡುತ್ತಾರೆ, ಅಜ್ಜಿಯ ಮಾತು ಸುಳ್ಳಾಗುತ್ತದೆ. ಸಂರಕ್ಷಕ ಹಾಕುವುದು ತಪ್ಪಲ್ಲ, ಆದರೆ ಆಗ "ಮಿಡಿಯನ್ನು ಇಂದಿಗೂ ತೊಟ್ಟಿನೊಡನೆಯೇ ಕೊಯ್ಯುತ್ತೇವೆ" ಎಂದು, ನಿಜವಾಗಿ ಉಳಿದುಬಂದಿರುವುದನ್ನಷ್ಟೇ ಹೇಳಿ. ಆ ಮನೆಯವರು ಅರೆಯುವ ಕಲ್ಲಿನ ಪ್ರಸ್ತಾಪವನ್ನೂ ಬಯಸಿದ್ದರು; ಈಗ ಖಾರ ಮಾಡುವುದು ಯಂತ್ರದಲ್ಲಾದ್ದರಿಂದ ಅದನ್ನು ಕೈಬಿಡಿಸಿದೆ. ಆಹಾರ ಸುರಕ್ಷತಾ ಪ್ರಾಧಿಕಾರದ 2018ರ ಜಾಹೀರಾತು ನಿಯಮಗಳ ಪ್ರಕಾರ "ಸಾಂಪ್ರದಾಯಿಕ" ಎನ್ನಬೇಕಾದರೆ ಆ ಪಾಕವಿಧಾನ ತಲೆಮಾರುಗಳಿಂದ ಬಳಕೆಯಲ್ಲಿದ್ದುದನ್ನು ತೋರಿಸಲು ಸಾಧ್ಯವಾಗಬೇಕು. ಘಟಕದಲ್ಲಿ ತಯಾರಾಗುವ ಉಪ್ಪಿನಕಾಯಿಗೆ "ಮನೆಯಲ್ಲೇ ಮಾಡಿದ್ದು" ಎಂದು ಬರೆದು ತಪ್ಪು ಕಲ್ಪನೆ ಮೂಡಿಸುವುದಕ್ಕೂ ಅವಕಾಶವಿಲ್ಲ. ಮೇಲಿನ ಕಥೆಗೆ ಈ ಎರಡು ಪದಗಳ ಅಗತ್ಯವೇ ಬೀಳಲಿಲ್ಲ ಎಂಬುದನ್ನು ಗಮನಿಸಿ.

ಉದ್ದದ ವಿಷಯ. 300 ಗ್ರಾಂ ಬಾಟಲಿಯ ಹಿಂಬದಿಯಲ್ಲಿ ಪದಾರ್ಥಗಳು, ಪೋಷಕಾಂಶಗಳ ಕೋಷ್ಟಕ, ಪರವಾನಗಿ ಸಂಖ್ಯೆ, ತಯಾರಕರ ವಿಳಾಸ ಇವೆಲ್ಲ ಕುಳಿತ ಮೇಲೆ ಕಥೆಗೆ ಉಳಿಯುವುದು ಅಂಗೈಯ ಕಾಲುಭಾಗದಷ್ಟು ಜಾಗ. ಹಾಗಾಗಿ ನಾನು 40 ಪದಗಳ ಆಸುಪಾಸಿನಲ್ಲೇ ನಿಲ್ಲಿಸುತ್ತೇನೆ. ಹೆಚ್ಚು ತುಂಬಲು ಸಾಲುಗಳ ನಡುವಿನ ಅಂತರವನ್ನು ಕುಗ್ಗಿಸಿದರೆ ಒತ್ತಕ್ಷರಗಳು ಕೆಳಗಿನ ಸಾಲಿನ ಗುಡಿಸು, ತಲೆಕಟ್ಟುಗಳಿಗೆ ತಾಗುತ್ತವೆ. ಕಡುಗೆಂಪು ಹಿನ್ನೆಲೆಯಲ್ಲಿ ಬಿಳಿ ಅಕ್ಷರ ಇಟ್ಟರೆ ಇನ್ನೂ ಕಷ್ಟ, ಶಾಯಿ ಹರಡಿ ಒತ್ತುಗಳ ತೆಳು ಗೆರೆಗಳು ಮುಚ್ಚಿಹೋಗುತ್ತವೆ. ಮುದ್ರಣಕ್ಕೆ ಕೊಡುವ ಮೊದಲು ನಿಜವಾದ ಅಳತೆಯಲ್ಲೇ ಒಂದು ಪ್ರತಿ ತೆಗೆದು, ತುಂಬಿದ ಬಾಟಲಿಗೆ ಸುತ್ತಿ, ಮನೆಯ ಹಿರಿಯರೊಬ್ಬರ ಕೈಗೆ ಕೊಟ್ಟು ಗಟ್ಟಿಯಾಗಿ ಓದಿಸಿ. ಅವರು "ಭರಣಿ" ಎಂಬಲ್ಲಿ ತಡವರಿಸಿದರೆ ಅಕ್ಷರ ದೊಡ್ಡದಾಗಬೇಕು. "ನಮ್ಮಜ್ಜಿ ಹೀಗೆ ಹೇಳುತ್ತಿರಲಿಲ್ಲ" ಎಂದರೆ ಮಾತು ಬದಲಾಗಬೇಕು.